ಮೂವತ್ತು ಮಕ್ಕಳು, ನೂರೈವತ್ತು ಪೂರಿ: ಒಂದು ಹುಟ್ಟುಹಬ್ಬದ ಅಡುಗೆಯ ಲೆಕ್ಕ

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳಿಗೆ ಕಳೆದ ಫೆಬ್ರುವರಿಯಲ್ಲಿ ಏಳು ತುಂಬಿತು. ಅದರ ಹಿಂದಿನ ವರ್ಷದ ಹುಟ್ಟುಹಬ್ಬದ ಊಟ ನನಗೆ ಇನ್ನೂ ನೆನಪಿದೆ. ಆಗಲೂ ಮಕ್ಕಳು ಮೂವತ್ತೇ, ದೊಡ್ಡವರು ಹತ್ತು ಮಂದಿ. ತಲೆಗೆ 75 ಗ್ರಾಂ ಅಕ್ಕಿ ಎಂದು ಹಿಡಿದು ನಲವತ್ತು ಜನಕ್ಕೆ ಮೂರು ಕೆಜಿ ಅಕ್ಕಿಯ ಪಲಾವ್ ಮಾಡಿದ್ದೆವು. ಪೂರಿಯನ್ನು ತಲೆಗೆ ಎರಡು ಎಂದು ಎಣಿಸಿದ್ದೆವು. ಪೂರಿ ಇಪ್ಪತ್ತು ನಿಮಿಷದಲ್ಲಿ ಖಾಲಿಯಾಯಿತು. ಪಲಾವ್ ಪಾತ್ರೆಯ ಅರ್ಧ ಹಾಗೆಯೇ ಉಳಿಯಿತು. ಸಂಜೆ ಐದಕ್ಕೆ ಇಳಿಸಿದ ಆ ಅನ್ನ ರಾತ್ರಿ ಹತ್ತರವರೆಗೆ ಅಡುಗೆಮನೆಯ ಕಟ್ಟೆಯ ಮೇಲೇ ಇದ್ದುದರಿಂದ ಯಾರಿಗೂ ಕೊಡುವಂತಿರಲಿಲ್ಲ. ಬೆಂದ ಅನ್ನದಲ್ಲೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಉಳಿದಿರುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಬೆಳೆದು ವಾಂತಿ ತರಿಸುವ ವಿಷವನ್ನು ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಾಲ್ಕು ಕೆಜಿಗೂ ಹೆಚ್ಚು ಪಲಾವನ್ನು ಚೆಲ್ಲಿದೆವು. ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ಈ ಸಲ ಅವಳು ಎರಡು ವಾರ ಮುಂಚೆಯೇ ಫೋನ್ ಮಾಡಿ, "ಅಡುಗೆಯ ಲೆಕ್ಕ ನೀನೇ ಹಾಕು, ನನಗೆ ಧೈರ್ಯವಿಲ್ಲ" ಎಂದಳು. ಆ ಲೆಕ್ಕವನ್ನೂ ಅದರಲ್ಲಿ ಸರಿ ಬಂದದ್ದನ್ನೂ ತಪ್ಪಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ವರ್ಷದ ತಪ್ಪು ಎಲ್ಲಿತ್ತು ಎಂದು ಮೊದಲು ಯೋಚಿಸಿದೆ. "ಇಬ್ಬರು ಮಕ್ಕಳು ಒಬ್ಬ ದೊಡ್ಡವರಿಗೆ ಸಮ" ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಅನ್ನದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಪೂರಿಗೆ ಅದು ಪೂರ್ತಿ ಸುಳ್ಳು. ಏಳು ವರ್ಷದ ಮಗು ದೊಡ್ಡವರು ತಿನ್ನುವುದರ ಅರ್ಧ ಪಲಾವ್ ತಿನ್ನುತ್ತದೆ, ಪೂರಿಯನ್ನು ಮಾತ್ರ ಬಹುತೇಕ ಸರಿಸಮನಾಗಿ ತಿನ್ನುತ್ತದೆ. ಆಡಿ ಬೆವತಿದ್ದರೆ ಪಾನಕವನ್ನು ದೊಡ್ಡವರಿಗಿಂತ ಹೆಚ್ಚೇ ಕುಡಿಯುತ್ತದೆ. ಹಾಗಾಗಿ ಮಕ್ಕಳ ಊಟಕ್ಕೆ ತಲೆ ಎಣಿಸಿ ಒಂದೇ ಸಂಖ್ಯೆಯಿಂದ ಗುಣಿಸುವುದು ಆಗದ ಮಾತು. ಪ್ರತಿಯೊಂದು ತಿನಿಸಿಗೂ ಅದರದೇ ಅಳತೆ ಬೇಕು.

ಆ ಅಳತೆ ಸಿಕ್ಕಿದ್ದು ಪುಟ್ಟಿಯ ತಟ್ಟೆಯಿಂದಲೇ. ಹಬ್ಬಕ್ಕೆ ಒಂದು ವಾರ ಮುಂಚೆ ಅಕ್ಕನ ಮನೆಗೆ ಹೋಗಿ ಪುಟ್ಟ ಪೂರಿ, ಸಾಗು, ಪಲಾವ್ ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಪುಟ್ಟಿಯನ್ನೂ ಪಕ್ಕದ ಮನೆಯ ಅವಳ ಇಬ್ಬರು ಗೆಳತಿಯರನ್ನೂ ಕೂರಿಸಿದೆ. ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ತಟ್ಟೆ ಇಟ್ಟು ಬಡಿಸುವ ಮುಂಚೆ ತೂಗಿದೆ, ಅವರು ಎದ್ದ ಮೇಲೆ ಮತ್ತೆ ತೂಗಿದೆ. ಮೂವರೂ ಅಂಗೈ ಅಗಲದ ಪೂರಿಯನ್ನು ಮೂರು ಮೂರು ತಿಂದಿದ್ದರು. ಪಲಾವ್ ಸರಾಸರಿ 80 ಗ್ರಾಂ ಹೋಗಿತ್ತು, ಅಂದರೆ ಸಣ್ಣ ಹುಟ್ಟಿನಲ್ಲಿ ಒಂದೂವರೆ ಹುಟ್ಟು. ಸಾಗು 50 ಗ್ರಾಂ. ಮೂರೇ ಮಕ್ಕಳ ಲೆಕ್ಕವಾದರೂ ಪುಸ್ತಕದ ಅಂದಾಜಿಗಿಂತ ಇದೇ ವಾಸಿ ಎನಿಸಿತು, ಏಕೆಂದರೆ ಬರುವವರು ಇಂಥ ಮಕ್ಕಳೇ.

ಇನ್ನು ಮೂವತ್ತು ಎಂದರೆ ಯಾರು ಎಂದು ಬಿಡಿಸಿದೆವು. ಆರರಿಂದ ಎಂಟು ವರ್ಷದವರು ಇಪ್ಪತ್ತೊಂದು, ಅವರ ಜೊತೆ ಬರುವ ತಮ್ಮ ತಂಗಿಯರು ಐದು, ಹತ್ತು ದಾಟಿದ ಅಣ್ಣ ಅಕ್ಕಂದಿರು ನಾಲ್ಕು. ಚಿಕ್ಕವರು ಅರ್ಧ ತಿನ್ನುತ್ತಾರೆ, ಹತ್ತು ದಾಟಿದವರು ದೊಡ್ಡವರಂತೆಯೇ ತಿನ್ನುತ್ತಾರೆ. ಮನೆಯವರೂ ಉಳಿಯುವ ತಂದೆತಾಯಿಯರೂ ಸೇರಿ ಹದಿನಾಲ್ಕು. ಸಂಜೆ ನಾಲ್ಕೂವರೆಗೆ ಬಂದು ಏಳಕ್ಕೆ ಹೊರಡುವವರು. ಆರು ಗಂಟೆಗೆ ಬಡಿಸಿದರೆ ಹೆಚ್ಚಿನ ಮಕ್ಕಳಿಗೆ ಅದೇ ರಾತ್ರಿಯ ಊಟ. ಬರೀ ಚಿಪ್ಸ್ ಕೊಟ್ಟು ಕಳಿಸಿದರೆ ತಾಯಂದಿರು ಮನೆಗೆ ಹೋಗಿ ಮತ್ತೆ ಒಲೆ ಹಚ್ಚಬೇಕಾಗುತ್ತದೆ.

ಅಕ್ಕನ ಮೊದಲ ಪಟ್ಟಿಯಲ್ಲಿ ಒಂಬತ್ತು ತಿನಿಸುಗಳಿದ್ದವು. ಬೋಂಡ, ನೂಡಲ್ಸ್, ಜಾಮೂನು, ಚಿಪ್ಸ್ ಎಲ್ಲವನ್ನೂ ತೆಗೆಸಿದೆ. ಜಾಮೂನಿಗೆ ಮಾತ್ರ ಅಕ್ಕನ ಅತ್ತೆಯವರು ಒಪ್ಪಲಿಲ್ಲ. "ಮಗುವಿನ ಹುಟ್ಟಿದ ದಿನ ಮನೆಯಲ್ಲಿ ಸಿಹಿ ಮಾಡದೆ ಇರುವುದು ಹೇಗಮ್ಮ?" ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ಕೆನೆ ಹಚ್ಚಿದ ಕೇಕ್ ತಿಂದ ಮಗು ಅರ್ಧ ಗಂಟೆಯಲ್ಲಿ ಜಾಮೂನು ಮುಟ್ಟುವುದಿಲ್ಲ, ಮುಟ್ಟಿದರೂ ಊಟ ಬಿಡುತ್ತದೆ. ಮಧ್ಯಾಹ್ನ ಮನೆಯವರಿಗಷ್ಟೇ ಶ್ಯಾವಿಗೆ ಪಾಯಸ ಮಾಡಿ ದೇವರಿಗೆ ನೈವೇದ್ಯ ಮಾಡುವುದು, ಸಂಜೆಗೆ ಕೇಕ್ ಒಂದೇ ಸಿಹಿ ಎಂದು ತೀರ್ಮಾನವಾಯಿತು. ಕೊನೆಗೆ ಉಳಿದದ್ದು ಇಷ್ಟು: ಬಂದ ಕೂಡಲೇ ನಿಂಬೆ ಪಾನಕ, ಐದೂಕಾಲಿಗೆ ಕೇಕ್, ಆರಕ್ಕೆ ಪೂರಿ, ಸಾಗು, ತರಕಾರಿ ಪಲಾವ್ ಮತ್ತು ಸೌತೆಕಾಯಿ ಮೊಸರುಬಜ್ಜಿ, ಕೊನೆಯಲ್ಲಿ ಕಲ್ಲಂಗಡಿ.

ಪೂರಿಯ ಲೆಕ್ಕವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿತ್ತು. ಇಪ್ಪತ್ತೊಂದು ಮಕ್ಕಳಿಗೆ ಮೂರರಂತೆ 63, ಐದು ಚಿಕ್ಕವರಿಗೆ ಎರಡರಂತೆ 10, ನಾಲ್ಕು ದೊಡ್ಡ ಮಕ್ಕಳಿಗೆ ಐದರಂತೆ 20, ಹದಿನಾಲ್ಕು ದೊಡ್ಡವರಿಗೆ ನಾಲ್ಕರಂತೆ 56. ಒಟ್ಟು 149, ಅಂದರೆ 150 ಪೂರಿ. ಉಂಡೆ 20 ಗ್ರಾಂ ಇದ್ದರೆ ಒತ್ತಿದ ಪೂರಿ ಅಂಗೈ ಅಗಲ ಬರುತ್ತದೆ. ಒಂದು ಕೆಜಿ ಹಿಟ್ಟಿಗೆ ನೀರು, ಎಣ್ಣೆ ಸೇರಿ ಒಂದೂವರೆ ಕೆಜಿ ಕಣಕವಾಗುತ್ತದೆ, ಅದರಲ್ಲಿ 75 ಉಂಡೆ. ಹಾಗಾಗಿ ಎರಡು ಕೆಜಿ ಹಿಟ್ಟು ಸಾಕು. ಅದರಲ್ಲಿ 1800 ಗ್ರಾಂ ಗೋಧಿ ಹಿಟ್ಟು, 200 ಗ್ರಾಂ ಚಿರೋಟಿ ರವೆ. ರವೆ ಸೇರಿದರೆ ಪೂರಿ ಸ್ವಲ್ಪ ಗರಿಗರಿಯಾಗಿ, ಉಬ್ಬಿದ್ದು ಬೇಗ ಇಳಿಯುವುದಿಲ್ಲ. ನೀರು ಒಂದು ಲೀಟರಿಗೆ ತುಸು ಕಡಿಮೆ ಹಿಡಿಸಿತು. ಪೂರಿಯ ಕಣಕ ಚಪಾತಿಯದಕ್ಕಿಂತ ಗಟ್ಟಿ ಇರಬೇಕು. ಮೆತ್ತಗಾದರೆ ಒತ್ತುವಾಗ ಒಣ ಹಿಟ್ಟು ಉದುರಿಸಬೇಕಾಗುತ್ತದೆ, ಆ ಹಿಟ್ಟು ಬಾಣಲೆಯಲ್ಲಿ ಕರಿದು ತಳ ಹಿಡಿದು ಎಣ್ಣೆ ಕಪ್ಪಾಗುತ್ತದೆ.

ಪೂರಿ ಒತ್ತಿ ರಾಶಿ ಹಾಕಿಟ್ಟು ಆಮೇಲೆ ಒಟ್ಟಿಗೆ ಕರಿಯೋಣ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ಕೆಲಸಕ್ಕೆ ಬರುವುದಿಲ್ಲ. ಒಂದರ ಮೇಲೊಂದು ಇಟ್ಟರೆ ಅಂಟುತ್ತವೆ, ಬಿಡಿಬಿಡಿಯಾಗಿ ಹರಡಿದರೆ ಫ್ಯಾನ್ ಗಾಳಿಗೆ ಮೇಲ್ಪದರ ಒಣಗುತ್ತದೆ. ಒಣಗಿದ ಪೂರಿ ಉಬ್ಬುವುದಿಲ್ಲ, ಪದರದ ಬಿರುಕಿನಿಂದ ಹಬೆ ಹೊರಗೆ ಹೋಗಿಬಿಡುತ್ತದೆ. ನಾವು ಉಂಡೆಗಳನ್ನು ಮಾತ್ರ ಮುಂಚೆ ಮಾಡಿ ಒದ್ದೆ ಬಟ್ಟೆ ಮುಚ್ಚಿದೆವು. ಅಕ್ಕ ಒತ್ತುಮಣೆಯಲ್ಲಿ ಒತ್ತಿದಳು, ಭಾವ ಎತ್ತಿಕೊಟ್ಟರು, ನಾನು ಕರಿದೆ. ಒಮ್ಮೆಗೆ ಮೂರು ಪುಟ್ಟ ಪೂರಿ, ಒಂದು ಸುತ್ತಿಗೆ ಮುಕ್ಕಾಲು ನಿಮಿಷ. ನೂರೈವತ್ತಕ್ಕೆ ಐವತ್ತು ಸುತ್ತು, ಸುಮಾರು ನಲವತ್ತು ನಿಮಿಷ. ಐದೂ ನಲವತ್ತಕ್ಕೆ ಮೊದಲ ಪೂರಿ ಬಿಟ್ಟರೆ ಆರಕ್ಕೆ ಸರಿಯಾಗಿ ಒಂದು ಪಂಕ್ತಿಗಾಗುವಷ್ಟು ಇರುತ್ತದೆ, ಉಳಿದದ್ದು ಅವರು ತಿನ್ನುತ್ತಿರುವಾಗಲೇ ಬಿಸಿಬಿಸಿ ಬರುತ್ತದೆ. ಎಣ್ಣೆ ಕಾದಿದೆಯೇ ಎಂದು ತಿಳಿಯಲು ಕಡಲೆಯಷ್ಟು ಕಣಕ ಹಾಕಿ ನೋಡಿದೆ; ತಳ ಮುಟ್ಟಿದ ಕೂಡಲೇ ಮೇಲೆ ಬಂದರೆ ಸರಿ. ನಿಧಾನವಾಗಿ ಎದ್ದರೆ ಪೂರಿ ಚಪ್ಪಟೆಯಾಗಿ ಎಣ್ಣೆ ಕುಡಿಯುತ್ತದೆ. ಒಂದೂವರೆ ಲೀಟರ್ ಎಣ್ಣೆ ಹಾಕಿದ್ದೆ, ಕೊನೆಗೆ ಅಳೆದಾಗ 900 ಮಿಲಿ ಉಳಿದಿತ್ತು.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಆಹ್ವಾನ ಕಳಿಸುವಾಗಲೇ ಅಕ್ಕನಿಂದ ಎಲ್ಲ ತಾಯಂದಿರನ್ನೂ ಒಂದು ಪ್ರಶ್ನೆ ಕೇಳಿಸಿದ್ದೆ: "ನಿಮ್ಮ ಮಗುವಿಗೆ ಯಾವುದಾದರೂ ತಿನಿಸು ಒಗ್ಗುವುದಿಲ್ಲವೇ?" ಒಬ್ಬ ಹುಡುಗನಿಗೆ ಕಡಲೆಕಾಯಿ ಅಲರ್ಜಿ ಇದೆ ಎಂದು ತಿಳಿಯಿತು. ಅಕ್ಕನ ಮನೆಯಲ್ಲಿ ಬಳಸುವುದು ಗಾಣದ ಕಡಲೆಕಾಯಿ ಎಣ್ಣೆ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಕಾಯಿಯ ಪ್ರೋಟೀನ್ ಬಹುತೇಕ ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಹಾಗಲ್ಲ, ಅಲರ್ಜಿ ತರಿಸುವುದು ಆ ಪ್ರೋಟೀನೇ. ಆದ್ದರಿಂದ ಅಂದಿನ ಇಡೀ ಅಡುಗೆಗೆ ಹೊಸದಾಗಿ ಒಡೆದ ಸೂರ್ಯಕಾಂತಿ ಎಣ್ಣೆ. ವರ್ಷಗಳಿಂದ ಕಡಲೆಕಾಯಿ ಎಣ್ಣೆ ಹೀರಿದ ಕಬ್ಬಿಣದ ಬಾಣಲೆಯನ್ನು ಒಳಗಿಟ್ಟು, ಸೋಪಿನಲ್ಲಿ ಉಜ್ಜಿ ತೊಳೆದ ಸ್ಟೀಲ್ ಬಾಣಲೆ ತೆಗೆದೆವು. ಸಾಗುವಿಗೆ ಹುರಿಗಡಲೆ ಹಾಕುತ್ತೇವೆಂದು ಆ ತಾಯಿಗೆ ಮೊದಲೇ ತಿಳಿಸಿದೆವು. ಅದನ್ನು ಅವನು ಮನೆಯಲ್ಲಿ ದಿನವೂ ತಿನ್ನುತ್ತಾನೆ, ಏನೂ ಆಗುವುದಿಲ್ಲ ಎಂದರು. ಕೇಕ್ ಮಾಡುವ ಅಂಗಡಿಯವರು ಅದೇ ಮೇಜಿನ ಮೇಲೆ ಕಡಲೆಕಾಯಿ, ಬಾದಾಮಿ ಬಳಸುತ್ತೇವೆ ಎಂದು ನಿಜ ಹೇಳಿದ್ದರಿಂದ, ಅವನಿಗೆ ಅವನ ತಾಯಿ ಮನೆಯಲ್ಲೇ ಮಾಡಿದ ಪುಟ್ಟ ಕೇಕ್ ತಂದರು. ಅದಕ್ಕೂ ಒಂದು ಮೇಣದಬತ್ತಿ ಸಿಕ್ಕಿಸಿ ಪುಟ್ಟಿಯ ಪಕ್ಕದಲ್ಲೇ ಅವನನ್ನು ನಿಲ್ಲಿಸಿದೆವು.

ಸಾಗುವಿಗೆ ಒಂದೂವರೆ ಕೆಜಿ ಆಲೂಗಡ್ಡೆ, 400 ಗ್ರಾಂ ಕ್ಯಾರೆಟ್, ಕಾಲು ಕೆಜಿ ಹುರುಳಿಕಾಯಿ, ಕಾಲು ಕೆಜಿ ಹಸಿ ಬಟಾಣಿ, ಅರ್ಧ ಕೆಜಿ ಈರುಳ್ಳಿ. ರುಬ್ಬುವುದಕ್ಕೆ ಒಂದೂವರೆ ತೆಂಗಿನಕಾಯಿ, 75 ಗ್ರಾಂ ಹುರಿಗಡಲೆ, ಶುಂಠಿ, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗ. ಇದರಿಂದ ಮೂರೂಕಾಲು ಕೆಜಿಯಷ್ಟು ಸಾಗು ಆಗುತ್ತದೆ, ಅರ್ಧ ಮಕ್ಕಳಿಗೆ, ಅರ್ಧ ದೊಡ್ಡವರಿಗೆ. ಖಾರದ ತೊಂದರೆಯನ್ನು ಹೀಗೆ ಬಿಡಿಸಿದೆ: ಮಸಾಲೆಯನ್ನು ಎರಡೇ ಹಸಿಮೆಣಸಿನಕಾಯಿ ಹಾಕಿ ರುಬ್ಬಿ ಪೂರ್ತಿ ಸಾಗು ಕುದಿಸಿದೆ, ಮಕ್ಕಳ ಪಾಲನ್ನು ಬೇರೆ ಪಾತ್ರೆಗೆ ತೆಗೆದೆ, ಉಳಿದುದಕ್ಕೆ ಇನ್ನೂ ಎಂಟು ಮೆಣಸಿನಕಾಯಿ ರುಬ್ಬಿ ಹಾಕಿ ಮತ್ತೊಂದು ಕುದಿ ಬರಿಸಿದೆ. ಎರಡು ಪಾತ್ರೆಗೂ ಬೇರೆ ಬೇರೆ ಬಣ್ಣದ ಮುಚ್ಚಳ.

ಪಲಾವಿಗೆ ಸೋನಾ ಮಸೂರಿ ಒಂದೂಕಾಲು ಕೆಜಿ. ಹಿಂದಿನ ವರ್ಷ ಮೂರು ಕೆಜಿ ಹಾಕಿದ್ದನ್ನು ನೆನೆದು ಅಕ್ಕ ಎರಡು ಸಲ ಕೇಳಿದಳು, "ಸಾಕಾಗುತ್ತದಾ?" ಮಕ್ಕಳಿಗೆ ಎರಡೂವರೆ ಕೆಜಿ, ದೊಡ್ಡವರಿಗೆ ತಲಾ 150 ಗ್ರಾಂನಂತೆ ಎರಡು ಕೆಜಿಗೆ ತುಸು ಹೆಚ್ಚು, ಒಟ್ಟು 4.6 ಕೆಜಿ ಬೆಂದ ಪಲಾವ್ ಬೇಕಿತ್ತು. ಒಂದೂಕಾಲು ಕೆಜಿ ಅಕ್ಕಿ ಬೆಂದು ಮೂರೂವರೆ ಕೆಜಿ ಅನ್ನವಾಗುತ್ತದೆ, ಅದಕ್ಕೆ 400 ಗ್ರಾಂ ಕ್ಯಾರೆಟ್, ಕಾಲು ಕೆಜಿ ಹುರುಳಿಕಾಯಿ, ಕಾಲು ಕೆಜಿ ಬಟಾಣಿ, 300 ಗ್ರಾಂ ಈರುಳ್ಳಿ ಸೇರಿದರೆ ಲೆಕ್ಕ ಸರಿಹೋಗುತ್ತದೆ. ತರಕಾರಿಯೂ ನೀರು ಬಿಡುವುದರಿಂದ ಒಂದು ಲೋಟ ಅಕ್ಕಿಗೆ ಒಂದೂಮುಕ್ಕಾಲು ಲೋಟ ನೀರು ಹಿಡಿದೆ. ಏಳೂವರೆ ಲೀಟರಿನ ಕುಕ್ಕರಿನಲ್ಲಿ ಎರಡು ಸಲ ಮಾಡಿದೆ. ಅನ್ನ ಉಬ್ಬುವ ಅಡುಗೆಗೆ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಗೋಡಂಬಿ ಹಾಕಲಿಲ್ಲ. ಎರಡನೆಯ ಸಲದ್ದನ್ನು ಐದೂವರೆಗೆ ಇಳಿಸಿ, ತೆರೆಯದೆ ದಪ್ಪ ಟವೆಲ್ ಸುತ್ತಿ ಇಟ್ಟೆ. ಬಡಿಸಿ ಮುಗಿದ ಮೇಲೆ ಉಳಿದದ್ದನ್ನು ಏಳೂಕಾಲರೊಳಗೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಇಡುವುದು ಭಾವನವರ ಕೆಲಸ ಎಂದು ಮೊದಲೇ ಹೇಳಿಟ್ಟಿದ್ದೆ.

ಉಳಿದವಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಮೊಸರುಬಜ್ಜಿಗೆ ಒಂದೂಕಾಲು ಲೀಟರ್ ಮೊಸರು, 400 ಗ್ರಾಂ ಸೌತೆಕಾಯಿ. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುವುದರಿಂದ ಬಡಿಸುವ ಹದಿನೈದು ನಿಮಿಷ ಮುಂಚೆ ಕಲಸಿದೆ. ಕೇಕ್ ಎರಡು ಕೆಜಿ, ಮೊಟ್ಟೆ ಹಾಕದ್ದು. ದುಂಡಗಿನದು ಬೇಡ, ಆಯತಾಕಾರದ್ದು ಬೇಕು ಎಂದು ಹಟ ಹಿಡಿದಿದ್ದೆ. ದುಂಡು ಕೇಕನ್ನು ಮೂವತ್ತು ಮಕ್ಕಳ ನಡುವೆ ತ್ರಿಕೋನವಾಗಿ ಕತ್ತರಿಸುವಾಗ ಮೊದಲ ಹತ್ತು ತುಂಡು ದೊಡ್ಡದಾಗಿ ಕೊನೆಯ ಹತ್ತು ಚೂರಾಗುತ್ತದೆ. ಆಯತವನ್ನು ಉದ್ದಕ್ಕೆ ಎಂಟು, ಅಗಲಕ್ಕೆ ಆರು ಎಂದು ಗೆರೆ ಹಾಕಿದರೆ 48 ತುಂಡು, ಒಂದೊಂದೂ ಸುಮಾರು 40 ಗ್ರಾಂ, ಯಾವ ಮಗುವೂ ಪಕ್ಕದವರ ತಟ್ಟೆ ನೋಡುವುದಿಲ್ಲ. ಕಲ್ಲಂಗಡಿ ಐದು ಕೆಜಿಯದು, ಸಿಪ್ಪೆ ಹೋಗಿ ಮೂರು ಕೆಜಿ ತಿರುಳು. ದ್ರಾಕ್ಷಿಯನ್ನು ಬೇಕೆಂದೇ ಬಿಟ್ಟೆ. ಐದು ವರ್ಷದೊಳಗಿನವರ ಗಂಟಲಿಗೆ ಇಡೀ ದ್ರಾಕ್ಷಿ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ಕೊಡುವುದಾದರೆ ಒಂದೊಂದನ್ನೂ ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು, ಆ ಸಂಜೆ ಅದಕ್ಕೆ ಕೈಗಳಿರಲಿಲ್ಲ. ಪಾನಕ ಒಂಬತ್ತು ಲೀಟರ್, ಲೀಟರಿಗೆ ಎರಡು ನಿಂಬೆಹಣ್ಣು, 100 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ. ನೀರನ್ನು ಹಿಂದಿನ ರಾತ್ರಿಯೇ ಕುದಿಸಿ ಆರಿಸಿದ್ದೆವು.

ಅಂಗಡಿಗೆ ಭಾವ ತೆಗೆದುಕೊಂಡು ಹೋದ ಚೀಟಿ ಹೀಗಿತ್ತು:

ಗೋಧಿ ಹಿಟ್ಟು 2 ಕೆಜಿ, ಚಿರೋಟಿ ರವೆ 250 ಗ್ರಾಂ
ಸೋನಾ ಮಸೂರಿ ಅಕ್ಕಿ ಒಂದೂಕಾಲು ಕೆಜಿ
ಸೂರ್ಯಕಾಂತಿ ಎಣ್ಣೆ 2 ಲೀಟರ್, ತುಪ್ಪ 100 ಗ್ರಾಂ
ಆಲೂಗಡ್ಡೆ ಒಂದೂವರೆ ಕೆಜಿ, ಈರುಳ್ಳಿ 1 ಕೆಜಿ
ಕ್ಯಾರೆಟ್ 800 ಗ್ರಾಂ, ಹುರುಳಿಕಾಯಿ ಅರ್ಧ ಕೆಜಿ
ಬಿಡಿಸಿದ ಬಟಾಣಿ ಅರ್ಧ ಕೆಜಿ (ಸಿಪ್ಪೆಯೊಂದಿಗಾದರೆ 1 ಕೆಜಿಗೂ ಮೇಲೆ)
ತೆಂಗಿನಕಾಯಿ 2, ಹುರಿಗಡಲೆ 100 ಗ್ರಾಂ
ಮೊಸರು ಒಂದೂಕಾಲು ಲೀಟರ್, ಸೌತೆಕಾಯಿ 400 ಗ್ರಾಂ
ನಿಂಬೆಹಣ್ಣು 20, ಸಕ್ಕರೆ 1 ಕೆಜಿ
ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಪುದೀನ, ಚಕ್ಕೆ ಲವಂಗ, ಏಲಕ್ಕಿ
ಕಲ್ಲಂಗಡಿ 5 ಕೆಜಿಯದು ಒಂದು
150 ಮಿಲಿಯ ಕಾಗದದ ಲೋಟ 100

ಲೋಟದ ಅಳತೆಯನ್ನು ಬೇಕೆಂದೇ ಬರೆಸಿದ್ದೆ. ದೊಡ್ಡ ಲೋಟ ಕೊಟ್ಟರೆ ಮಗು ಅರ್ಧ ಕುಡಿದು ಎಲ್ಲೋ ಇಟ್ಟು ಹೋಗುತ್ತದೆ, ಮತ್ತೆ ಬಾಯಾರಿದಾಗ ಹೊಸ ಲೋಟ ಕೇಳುತ್ತದೆ.

ಭಾನುವಾರ ಬಂದ ಮಕ್ಕಳು ಇಪ್ಪತ್ತೇಳು. ನಾಲ್ಕೂವರೆಯಿಂದ ಅಂಗಳದಲ್ಲಿ ಕುಂಟೆಬಿಲ್ಲೆ, ಓಟ, ಕೂಗು. ಮೊದಲು ತಪ್ಪಿದ್ದು ಪಾನಕದ ಲೆಕ್ಕ. ಮಗುವಿಗೆ ಎರಡು ಲೋಟ ಎಂದುಕೊಂಡಿದ್ದೆ, ಓಡಾಡುವ ಹುಡುಗರು ನಾಲ್ಕು ಕುಡಿದರು. ಆರು ಗಂಟೆಗೆ ಪಾತ್ರೆ ಬರಿದು. ಅಕ್ಕನ ಅತ್ತೆಯವರು ಮನೆಯಲ್ಲಿದ್ದ ಆರು ನಿಂಬೆಹಣ್ಣು ಹಿಂಡಿ ಇನ್ನೂ ಮೂರು ಲೀಟರ್ ಮಾಡಿಕೊಟ್ಟರು.

ಪೂರಿ ಬಡಿಸುವಾಗ ನಾನು ಮುಂಚೆ ಯೋಚಿಸದ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಉಬ್ಬಿದ ಪೂರಿಯನ್ನು ನೋಡಿ ಸಂತೋಷದಿಂದ ಅದರ ನಡುವೆ ಬೆರಳು ಚುಚ್ಚಲು ಹೋದಳು. ಒಳಗೆ ತುಂಬಿರುವುದು ಬಿಸಿ ಹಬೆ. ಭಾವ ಕೈ ಹಿಡಿದರು, ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಚಿಕ್ಕವರ ತಟ್ಟೆಗೆ ಹೋಗುವ ಪ್ರತಿ ಪೂರಿಯನ್ನೂ ಚಮಚದ ತುದಿಯಿಂದ ಚುಚ್ಚಿ, ಹಬೆ ಬಿಡಿಸಿ ಹಾಕಿದೆವು. ಉಬ್ಬಿದ ಪೂರಿಯೇ ಬೇಕು ಎಂದು ಅತ್ತವನಿಗೆ ಒಂದನ್ನು ತಟ್ಟೆಯಲ್ಲಿ ಎರಡು ನಿಮಿಷ ಇಟ್ಟು ಆರಿಸಿ ಕೊಟ್ಟೆವು.

ಎಲ್ಲ ಮುಗಿದ ಮೇಲೆ ಉಳಿದದ್ದನ್ನು ತೂಗಿದೆ. ಪೂರಿ ಒಂದೂ ಇರಲಿಲ್ಲ. ಮೂರು ಮಕ್ಕಳು ಕಡಿಮೆ ಬಂದಿದ್ದರೂ ನೂರೈವತ್ತೂ ಹೋಗಿದ್ದವು, ಕೊನೆಯಲ್ಲಿ ಕರಿದ ನನಗೂ ಅಕ್ಕನಿಗೂ ಒಂದೊಂದು ಸಿಕ್ಕಿತ್ತು. ಪಲಾವ್ 700 ಗ್ರಾಂ ಉಳಿದಿತ್ತು, ಹೇಳಿದ ಹೊತ್ತಿಗೆ ಫ್ರಿಜ್ಜಿಗೆ ಹೋಗಿ ಮಾರನೆಯ ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿಯಾಗಿ ತಿಂಡಿಯಾಯಿತು. ಕಲ್ಲಂಗಡಿ ತಟ್ಟೆ ಬರಿದು. ನನಗೆ ಆಶ್ಚರ್ಯ ತಂದದ್ದು ಮಕ್ಕಳ ಸಾಗು: 1600 ಗ್ರಾಂನಲ್ಲಿ 850 ಗ್ರಾಂ ಹಾಗೆಯೇ ಇತ್ತು. ತೂಗಿ ನೋಡಿದ ದಿನ ಮೂವರು ಮಕ್ಕಳು ನನ್ನೆದುರು ಕುಳಿತು ತಿಂದಿದ್ದರು, ಸಾಗು ಹಚ್ಚಿಕೊಳ್ಳಿ ಎಂದು ನಾನೇ ಹೇಳುತ್ತಿದ್ದೆ. ಇಲ್ಲಿ ಹೇಳುವವರಿರಲಿಲ್ಲ. ಒಬ್ಬ ಹುಡುಗ "ಆಂಟಿ, ಸಕ್ಕರೆ ಇದೆಯಾ?" ಎಂದು ಕೇಳಿದ, ಅವನಿಗೆ ಒಂದು ಚಮಚ ಹಾಕಿದ್ದನ್ನು ಕಂಡು ಆ ಸಾಲಿನವರೆಲ್ಲ ತಟ್ಟೆ ಚಾಚಿದರು. ಅರ್ಧ ಮಕ್ಕಳು ಪೂರಿಯನ್ನು ಸಕ್ಕರೆಯಲ್ಲಿ ಅದ್ದಿ ತಿಂದರು, ಕೆಲವರು ಬರೀ ಪೂರಿಯನ್ನೇ ಕೈಯಲ್ಲಿ ಹಿಡಿದು ಓಡಾಡುತ್ತಾ ತಿಂದರು.

ಅದೇ ರಾತ್ರಿ ಚೀಟಿಯ ಹಿಂಬದಿಯಲ್ಲಿ ಮುಂದಿನ ವರ್ಷಕ್ಕೆ ಬರೆದಿಟ್ಟೆ: ಹಿಟ್ಟು ಎರಡೂಕಾಲು ಕೆಜಿ, ಅಕ್ಕಿ ಒಂದು ಕೆಜಿ ಸಾಕು, ಮಕ್ಕಳ ಸಾಗು ಅರ್ಧ, ನಿಂಬೆಹಣ್ಣು 26, ಸಕ್ಕರೆ ಒಂದೂವರೆ ಕೆಜಿ, ಪೂರಿ ಚುಚ್ಚಲು ಒಬ್ಬರು ಬೇರೆ. ಅಕ್ಕ ಅದನ್ನು ಓದಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದಳು.